ಮುಗಿಯುವ ಮೊದಲೇ ಬಂದ ನಗು

ಖಾನಾಪುರದ ಪ್ರಸಾದನ ಮನೆಯಲ್ಲಿ ಕುರ್ಚಿಯ ಮೇಲೆ ಕೂರುವ ಮೊದಲೇ ಗುರುಪಾದಪ್ಪ ಚಟಾಕಿ ಹಾರಿಸಿದ. “ಏನ್ರೀ ಜಡ್ಜ್ ಸಾಹೇಬ್ರ, ನಾಕ ದಿನ ಆತು, ಕೋರ್ಟಿಗೆ ಸೂಟಿ ಬಿಟ್ಟೀರೇನು, ಇಲ್ಲಾ...” ಮಾತು ಇನ್ನೂ ಮುಗಿದಿರಲಿಲ್ಲ. ಪ್ರಸಾದ ಆಗಲೇ ನಕ್ಕುಬಿಟ್ಟಿದ್ದ.

ಮಚ್ಛೆಯ ಒಂದು ಸಣ್ಣ ಕಾರ್ಖಾನೆಗೆ ಗುರುಪಾದಪ್ಪ ಮ್ಯಾನೇಜರ್. ಅಲ್ಲಿ ತಯಾರಾಗುವ ಪಂಪಿನ ಬಿಡಿಭಾಗಗಳ ತೂತಿನ ಅಳತೆ ನೋಡಿ ಪಾಸು ಮಾಡುವವನು ಪ್ರಸಾದ. ಒಂದೊಂದನ್ನೂ ಎರಡು ಸಲ ಅಳೆಯುತ್ತಾನೆಂದು ‘ಜಡ್ಜ್ ಸಾಹೇಬ’ ಎಂಬ ಹೆಸರಿಟ್ಟವನು ಗುರುಪಾದಪ್ಪನೇ. ಯಾರನ್ನೂ ಬೈದವನಲ್ಲ, ನಗಿಸಿ ಕೆಲಸ ತೆಗೆಯುತ್ತೇನೆಂದು ಅವನಿಗೆ ಹೆಮ್ಮೆ. ಪ್ರಸಾದನ ಮೇಲೆ ಅಕ್ಕರೆ ಹೆಚ್ಚು, ಹಾಗಾಗಿ ಚೇಷ್ಟೆಯೂ ಹೆಚ್ಚು. ಬುಧವಾರ ನೂರಿಪ್ಪತ್ತು ಪೀಸುಗಳು ಗಿರಾಕಿಯಿಂದ ವಾಪಸು ಬಂದಿದ್ದವು: ತೂತು ಚಿಕ್ಕದು, ಪಿನ್ನು ಹೋಗುತ್ತಿಲ್ಲ. ಮರುದಿನದಿಂದ ಪ್ರಸಾದ ಕೆಲಸಕ್ಕೆ ಬಂದಿಲ್ಲ, ಫೋನೂ ಎತ್ತಿಲ್ಲ. ಅದಕ್ಕೇ ಈ ಭಾನುವಾರ ಟಿಳಕವಾಡಿಯ ಮಿಠಾಯಿ ಅಂಗಡಿಯಲ್ಲಿ ಕುಂದಾ ಕಟ್ಟಿಸಿಕೊಂಡು, ದೇಸೂರ ದಾಟಿ, ಹುಡುಗನನ್ನು ಸಮಾಧಾನ ಮಾಡಿ ಕರೆತರಲು ತಾನೇ ಹೊರಟು ಬಂದಿದ್ದ.

“ಅದು ನಿಂದೊಬ್ಬಂದ ತಪ್ಪಲ್ಲ ಬಿಡಪಾ. ಆದ್ರ ನೀ ನೋಡಿದ ಮಾಲು ಹೆಂಗ ಪಾಸಾತು ಅಂತೀನಿ?”

ಪ್ರಸಾದ ಮತ್ತೆ ನಕ್ಕ. ನೆಲ ನೋಡುತ್ತ ನಕ್ಕ. ಚಹಾ ತಂದ ಅವನ ಹೆಂಡತಿ ಕಾಂತಾ ಬಟ್ಟಲನ್ನು ಕೆಳಗಿಟ್ಟು, “ನನಗ ಹೇಳಿದ್ದನ್ನ ಅವರ ಮುಂದ ಹೇಳ್ರಿ” ಎಂದಳು.

“ಗೇಜ್ ಸವದಿತ್ರಿ ಸರ್.”

ಗುರುಪಾದಪ್ಪನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೇಜ್ ಎಂದರೆ ಒಂದು ಉಕ್ಕಿನ ಗುಂಡುಕೋಲು. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಸಾವಿರಾರು ಸಲ ಹೋಗಿ ಬಂದು ಆ ಮೊದಲ ತುದಿ ಕೂದಲೆಳೆಯಷ್ಟು ಸವೆದರೆ, ಚಿಕ್ಕ ತೂತಿನೊಳಗೂ ಸಲೀಸಾಗಿ ಇಳಿಯುತ್ತದೆ.

“ಗೊತ್ತಿದ್ದೂ ಯಾಕ ಹೇಳಲಿಲ್ಲೋ?”

“ಹೇಳಾಕ ಕೈ ಎತ್ತಿದ್ನಿರಿ. ಹೋದ ತಿಂಗಳ, ಮುಂಜಾನಿ ಮೀಟಿಂಗಿನ್ಯಾಗ.”

ಗುರುಪಾದಪ್ಪನಿಗೆ ನೆನಪಾಯಿತು. ಆ ಕೈ ಕಂಡೊಡನೆ ತಾನು, “ಎಲ್ಲಾರೂ ಎದ್ದ ನಿಲ್ರಪಾ, ತೀರ್ಪು ಬಂತು!” ಎಂದಿದ್ದ. ಮೊದಲೇ ನಿಂತಿದ್ದ ಹದಿನಾಲ್ಕು ಜನ ಬಿದ್ದು ಬಿದ್ದು ನಕ್ಕಿದ್ದರು. ಪ್ರಸಾದನೂ ನಗುತ್ತಲೇ ಕೈ ಇಳಿಸಿದ್ದ. ಆಮೇಲೆ ತಾನು, “ಸಂಜೀಕ ಐದನೂರ ಪೀಸ್ ಆಗ್ಬೇಕು. ಸಾಹೇಬ್ರು ಇವತ್ತರ ಒಂದ ಸಲ ಅಳೀಲಿ” ಎಂದೂ ಸೇರಿಸಿದ್ದ. ಅಂದಿನಿಂದ ಪ್ರಸಾದ ಒಂದೇ ಸಲ ಅಳೆಯುತ್ತಿದ್ದ.

“ನಾ ಚ್ಯಾಷ್ಟಿ ಮಾಡಿದ್ನೋ ಮಾರಾಯಾ! ನೀನೂ ನಗತಿದ್ದೆಲ್ಲ?”

ಉತ್ತರ ಕೊಟ್ಟವಳು ಕಾಂತಾ. “ನಗಲಿಲ್ಲಂದ್ರ ಮರದಿನ ‘ಸಾಹೇಬ್ರಿಗೆ ಸಿಟ್ಟ ಬಂದೈತಿ’ ಅಂತ ಇನ್ನೂ ಎರಡ ಚ್ಯಾಷ್ಟಿ ಜಾಸ್ತಿ ಬೀಳ್ತಾವಂತ್ರಿ. ಅದಕ್ಕ ನಗತಾರ. ರವಿವಾರ ನಿಮ್ಮ ಮೆಸೇಜ್ ಬಂದ್ರ ಉಣ್ಣೂದ ಬಿಟ್ಟ ಏಳ್ತಾರ. ಅಲ್ರಿ ಸರ, ಇಲ್ಲೂ ನಗಬೇಕೇನ್ರಿ ಇವ್ರು? ತಮ್ಮ ಮನ್ಯಾಗ?”

ತನ್ನ ಪರವಾಗಿ ಹೇಳಿಕೊಳ್ಳಲು ಏನಾದರೂ ಸಿಗಬಹುದೆಂದು ಗುರುಪಾದಪ್ಪ ಫೋನ್ ತೆಗೆದು, ಕೆಲಸದ ಗುಂಪಿನ ಹಳೆಯ ಸಂದೇಶಗಳನ್ನು ಮೇಲಕ್ಕೆ ಸರಿಸಿದ. ಎಲ್ಲರನ್ನೂ ಹೀಗೇ ಆಡಿಕೊಳ್ಳುತ್ತೇನಲ್ಲ, ಕಾರ್ಖಾನೆಯ ಮೈಲಾರಲಿಂಗನನ್ನು, ಮುಜಮ್ಮಿಲನನ್ನು? ಹುಡುಕಿದ. ಎರಡು ತಿಂಗಳಷ್ಟು ಹಿಂದೆ ಹೋದರೂ ಬೇರೊಬ್ಬರ ಹೆಸರು ಸಿಗಲಿಲ್ಲ. ಪ್ರತಿ ಮಾತಿನ ಕೆಳಗೂ ನಗುಮುಖಗಳ ಸಾಲು. ಪ್ರಸಾದನದೂ ಇತ್ತು. ಬೆಳಿಗ್ಗೆಯಾಗಲಿ, ಊಟದ ಹೊತ್ತಾಗಲಿ, ಹಬ್ಬವಾಗಲಿ, ಎಲ್ಲರಿಗಿಂತ ಮೊದಲು ಅವನದೇ. ಒಂದು ನಿಮಿಷವೂ ತಡವಾಗದೆ.

ಫೋನ್ ಕಿಸೆಗೆ ಹಾಕಿದ. ಚಹಾ ಆರುತ್ತಿತ್ತು.

“ಪ್ರಸಾದ,” ಎಂದ. ಹೆಸರು ನಾಲಿಗೆಗೆ ಹೊಸದಾಗಿತ್ತು. “ನಿನಗ ಅಡ್ಡಹೆಸರ ಇಟ್ಟಾಂವ ನಾ. ಎಲ್ಲಾರಿಗೂ ನಗಾಕ ಕಲಿಸಿದಾಂವ ನಾ. ನಿನ್ನ ಕೈ ಇಳಿಸಿ, ಲಗೂ ಮಾಡು ಅಂದಾಂವನೂ ನಾ. ಚ್ಯಾಷ್ಟಿ ಅಂದ್ನೆಲ್ಲ ಈಗ, ಅದೂ ಸುಳ್ಳು. ತಪ್ಪಾತಪಾ. ನಾಳೆ ಮೀಟಿಂಗಿನ್ಯಾಗ ಎಲ್ಲಾರ ಮುಂದ ನಿನಗ ಮಾಫಿ ಕೇಳ್ತೀನಿ.”

ಪ್ರಸಾದ ಗಾಬರಿಯಾದ. “ಬ್ಯಾಡ್ರಿ ಸರ್! ಮತ್ತ ಎಲ್ಲಾರೂ ನನ್ನ ಕಡೇನ ನೋಡ್ತಾರ.”

ಒಳ್ಳೆಯದನ್ನು ಮಾಡಲು ಹೊರಟಾಗಲೂ ತನಗೆ ನೋಡುವ ಜನ ಬೇಕು. ಗುರುಪಾದಪ್ಪನ ಕಿವಿ ಬಿಸಿಯಾಯಿತು. “ಮತ್ತ ಹೆಂಗ ಮಾಡ್ಲಿ? ನೀನ ಹೇಳು.”

ಪ್ರಸಾದ ಒಂದೊಂದೇ ಮಾತು ಹೆಕ್ಕಿ ಹೇಳಿದ. “ಆ ಹೆಸರಲೇ ಯಾರರ ಕರದ್ರ, ಆವಾಗಿಂದ ಆವಾಗ ಬ್ಯಾಡ ಅನ್ರಿ. ಗೇಜ್ ಚೆಕ್ ಮಾಡಾಕ ಕಳಸ್ರಿ. ಮತ್ತ... ಎರಡ ಸಲ ಅಳಿತೀನ್ರಿ ನಾ.”

“ಅಳಿ. ಎಷ್ಟ ಪೀಸ್ ಆಕ್ಕಾವ, ಅಷ್ಟ ಆಗ್ಲಿ. ಮಾಲಕರಿಗೆ ನಾ ಹೇಳ್ತೀನಿ, ಗೇಜಿನ ಮಾತು ಕೇಳದಾಂವ ನಾನ ಅಂತ. ನೀ ಬರಲಾರದ ದಿನಾ ಎಲ್ಲಾ ರಜಾ ಅಂತ ಬರೀತೀನಿ.” ಗುರುಪಾದಪ್ಪ ಎದ್ದು ಚಪ್ಪಲಿ ಮೆಟ್ಟಿದ. “ನಾಳೆ ಬರ್ತೀಯೇನು?”

“ಇಲ್ರಿ. ಬುಧವಾರ ಬರ್ತೀನಿ.”

ಎಂಟು ವರ್ಷಗಳಲ್ಲಿ ಪ್ರಸಾದ ತನಗೆ ‘ಇಲ್ಲ’ ಎಂದದ್ದು ಇದೇ ಮೊದಲು. ಅಂದದ್ದೇ ತಡ, ಅವನ ಭುಜಗಳು ಮೇಲೆದ್ದವು, ಕಣ್ಣುಗಳು ಕಿರಿದಾದವು. ಮೇಲಿನಿಂದ ಏನೋ ಬೀಳುತ್ತದೆಂದು ಕಾಯುವವನ ಹಾಗೆ.

“ಆತು. ಬುಧವಾರ,” ಎಂದ ಗುರುಪಾದಪ್ಪ. ಅಷ್ಟೇ ಎಂದ.

ಹೊಸ್ತಿಲಲ್ಲಿ ಇಬ್ಬರೂ ನಿಂತೇ ಇದ್ದರು. ಏನೂ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಸಾದನ ಒಂದು ಭುಜ ಇಳಿಯಿತು. ಇನ್ನೊಂದು ಇನ್ನೂ ಇಳಿದಿರಲಿಲ್ಲ.