ಒಂಬತ್ತನೆಯ ಪ್ರಶ್ನೆ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಚೆನ್ನೈನ ಕೀಲ್ಪಾಕಿನ ಮನೆಯ ಮೇಲೆ ಹೊಸ ಮಹಡಿ ಏಳುತ್ತಿತ್ತು. ತಾರಸಿಯ ಹಿಂಬದಿಗೆ ಇನ್ನೂ ಗೋಡೆ ಕಟ್ಟಿರಲಿಲ್ಲ. ಕನ್ನಡ ಸಂಘದ ಕ್ವಿಜ್ ರಾತ್ರಿಗೆಂದು ದೊಡ್ಡಪ್ಪ ಪುರಾಣ, ದಂತಕಥೆಗಳ ಪ್ರಾಣಿಗಳ ಮೇಲೆ ಹತ್ತು ಪ್ರಶ್ನೆ ಬರೆದಿದ್ದರು. ಪ್ರತಿ ಉತ್ತರದ ಕೆಳಗೂ ಎರಡು ಸಾಲಿನ ವಿವರಣೆಯಿತ್ತು. ಆ ಮಧ್ಯಾಹ್ನ ತಾರಸಿಯಲ್ಲೇ, ಹಿರಿಯರ ಮುಂದೆ, ಅದನ್ನು ಮಕ್ಕಳಾದ ನಮ್ಮ ಮೇಲೆ ಪರೀಕ್ಷಿಸಿದರು. ಕನ್ನಡದಲ್ಲಿ ಹೇಳದಿದ್ದರೆ ಉತ್ತರ ತಪ್ಪು, ತಪ್ಪಿದವರು ಒಂದು ಹೆಜ್ಜೆ ಹಿಂದಕ್ಕೆ.

ಅತ್ತೆಯ ಮಗಳು ವೈದೇಹಿಗೆ ಎಲ್ಲವೂ ಗೊತ್ತಿತ್ತು.

“ಐರಾವತ ಎಲ್ಲಿ ಹುಟ್ಟಿತು?”

“ಪಾರ್ಕಡಲ್‌ಲ, ಮಾಮಾ.”

“ಹಾಲಿನ ಕಡಲು ಅನ್ನೋಕೆ ನಾಲಿಗೆ ಸವೆಯುತ್ತಾ? ಹಿಂದೆ ಹೋಗು, ತಮಿಳ್ ಪಂಡಿತೆ!”

ಎಲ್ಲರೂ ನಕ್ಕರು, ನಾನೂ. ಅತ್ತೆ ಮಾತ್ರ, “ಅಣ್ಣಾ, ಹಿಂದೆ ಗೋಡೆಯಿಲ್ಲ,” ಎಂದರು.

“ಭಯವಿದ್ದರೆ ತಾನೇ ಭಾಷೆ ಬರೋದು.”

ಒಂಬತ್ತನೆಯದು: ಗುಡಿಯ ಬಾಗಿಲ ಮೇಲಿನ ಕೀರ್ತಿಮುಖಕ್ಕೆ ಮೈ ಏಕಿಲ್ಲ? ತನ್ನ ಮೈಯನ್ನು ತಾನೇ ತಿಂದಿತೆಂದು ವೈದೇಹಿ ಸರಿಯಾಗಿಯೇ ಹೇಳಿದಳು, ತಮಿಳಿನಲ್ಲಿ. ದೊಡ್ಡಪ್ಪ ಕಾಗದದಿಂದ ಕಣ್ಣೆತ್ತದೆ ವಿವರಣೆ ಓದತೊಡಗಿದರು: “ಹಸಿದ ತನ್ನ ಗಣಕ್ಕೆ ಶಿವ ನಿನ್ನನ್ನೇ ತಿನ್ನು ಎಂದ. ಮುಖವಷ್ಟೇ ಉಳಿಯಿತು. ಮೆಚ್ಚಿ ಅದನ್ನು ಬಾಗಿಲು ಕಾಯಲು ಇಟ್ಟ.”

ಅವಳು ಹೆಜ್ಜೆ ಹಿಂದಿಟ್ಟಳು. ಹಿಮ್ಮಡಿಯ ಕೆಳಗೆ ಏನೂ ಇರಲಿಲ್ಲ. ನಾನು ಅವಳ ಲಂಗ ಹಿಡಿದು ಎಳೆದೆ, ಇಬ್ಬರೂ ತಾರಸಿಯ ಮೇಲೇ ಇದ್ದ ಮರಳಿನ ರಾಶಿಗೆ ಬಿದ್ದೆವು.

ದೊಡ್ಡಪ್ಪ ಪುಟ ಸರಿಪಡಿಸಿಕೊಂಡರು. “ಹತ್ತನೆಯದು. ಸುಟ್ಟುಹೋದ ಫೀನಿಕ್ಸ್ ಹಕ್ಕಿ ಎಲ್ಲಿಂದ ಮತ್ತೆ ಹುಟ್ಟುತ್ತೆ?”

ವೈದೇಹಿಯ ಹಲ್ಲು ಕಟಕಟ ಎನ್ನುತ್ತಿತ್ತು. “ಬೂದಿಯಿಂದ, ಮಾಮಾ.”

“ನೋಡಿದೆಯಾ,” ಎಂದು ಅವರು ಅತ್ತೆಯ ಕಡೆ ತಿರುಗಿದರು, “ಬಂತಲ್ಲ ಕನ್ನಡ.”

ಹಿರಿಯರೆಲ್ಲ ಚಪ್ಪಾಳೆ ತಟ್ಟಿದರು.